ಹಲಗೆ ಬಿಟ್ಟ ಮೇಲಿನ ಎರಡು ಮೀಟರ್

ಈಜು ಕಲಿಯಲು ಹೋಗಿ ಮೂರು ತಿಂಗಳಾದರೂ ನನಗೆ ಈಜು ಬಂದಿರಲಿಲ್ಲ. ದಡದಲ್ಲಿ ನಿಂತು ನೋಡಿದವರಿಗೆ ಮಾತ್ರ ಹಾಗೆ ಅನ್ನಿಸುತ್ತಿರಲಿಲ್ಲ. ಫೋಮಿನ ಕಿಕ್ ಬೋರ್ಡನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದು, ಕಾಲು ಬಡಿಯುತ್ತಾ, ಎದೆಮಟ್ಟದ ನೀರಿನಲ್ಲಿ ಕೊಳದ ಅಡ್ಡಗಲವನ್ನು, ಅಂದರೆ ಸುಮಾರು 12 ಮೀಟರನ್ನು, ದಿನಕ್ಕೆ ಹತ್ತು ಸಲವಾದರೂ ದಾಟುತ್ತಿದ್ದೆ. ಒಂದು ದಿನವೂ ಮುಳುಗಲಿಲ್ಲ, ಒಂದು ಸಲವೂ ಅರ್ಧಕ್ಕೆ ನಿಲ್ಲಿಸಲಿಲ್ಲ. ಲೆಕ್ಕ ಹಾಕಿದರೆ ನೂರಾರು ಸಲ ಗೆದ್ದಿದ್ದೆ. ಆದರೂ ಬೋರ್ಡು ಪಕ್ಕಕ್ಕಿಟ್ಟು ಎರಡು ಮೀಟರ್ ಬನ್ನಿ ಅಂದರೆ ಗೋಡೆಯಿಂದ ಕೈ ಕೀಳಲು ಆಗುತ್ತಿರಲಿಲ್ಲ.

ಇಷ್ಟು ಗೆಲುವುಗಳು ಸೇರಿಯೂ ಒಂದಿಷ್ಟು ಧೈರ್ಯ ಯಾಕೆ ಹುಟ್ಟಲಿಲ್ಲ ಅನ್ನುವುದು ಆಗ ನನ್ನನ್ನು ತುಂಬಾ ಕಾಡಿತು. ಚಿಕ್ಕ ಚಿಕ್ಕ ಯಶಸ್ಸುಗಳು ಆತ್ಮವಿಶ್ವಾಸ ಬೆಳೆಸುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ವಿಷಯದಲ್ಲಿ ಅದು ಸುಳ್ಳಾಗಿತ್ತು. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈಜಿಗೆ ಸಂಬಂಧವೇ ಇಲ್ಲದ ಒಂದು ಜಾಗದಲ್ಲಿ, ಹಾವು ಕಂಡರೆ ನಡುಗುವವರ ಮೇಲೆ ನಡೆದ ಪ್ರಯೋಗಗಳಲ್ಲಿ.

ಆಲ್ಬರ್ಟ್ ಬಂಡೂರ ಕೆನಡಾದಲ್ಲಿ 1925ರಲ್ಲಿ ಹುಟ್ಟಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬದುಕಿಡೀ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ. 1960ರ ದಶಕದ ಕೊನೆಗೆ ಅವರೂ ಅವರ ಸಂಗಡಿಗರೂ ಹಾವಿನ ಭಯವನ್ನು ಬಿಡಿಸುವ ಒಂದು ವಿಧಾನವನ್ನು ರೂಪಿಸಿದರು. ಬಂದವರ ಭಯ ಸುಮ್ಮನೆ ಬೆಚ್ಚಿಬೀಳುವಷ್ಟರದ್ದಲ್ಲ. ಹಾವು ಇರಬಹುದೆಂದು ತೋಟದ ಕೆಲಸ ಬಿಟ್ಟವರು, ಊರಾಚೆ ಹೋಗಿ ಉಳಿಯಲು ಒಪ್ಪದವರು ಅವರಲ್ಲಿದ್ದರು. ವಿಧಾನದಲ್ಲಿ ಮಾತು ಕಡಿಮೆ, ಮಾಡುವುದು ಹೆಚ್ಚು. ಮೊದಲು ಚಿಕಿತ್ಸಕರು ತಾವೇ ಹಾವನ್ನು ಮುಟ್ಟಿ, ಎತ್ತಿ ತೋರಿಸುತ್ತಾರೆ. ಆಮೇಲೆ ಅದನ್ನೇ ತೀರಾ ಚಿಕ್ಕ ಹೆಜ್ಜೆಗಳಾಗಿ ಒಡೆದು, ಬಂದವರ ಜೊತೆಗೂಡಿ ಮಾಡಿಸುತ್ತಾರೆ. ಬರಿಗೈಯಲ್ಲಿ ಮುಟ್ಟಲಾಗದಿದ್ದರೆ ಕೈಗವಸು ಹಾಕಿ ಮುಟ್ಟಬಹುದು. ಅದೂ ಆಗದಿದ್ದರೆ ಚಿಕಿತ್ಸಕರು ತಲೆಯನ್ನೂ ಬಾಲವನ್ನೂ ಹಿಡಿದುಕೊಂಡಿರುತ್ತಾರೆ, ಇವರು ನಡುಭಾಗವನ್ನು ಒಂದು ಕ್ಷಣ ಮುಟ್ಟಿದರೆ ಸಾಕು. ಒಂದು ಹೆಜ್ಜೆ ದೊಡ್ಡದಾಯಿತು ಅನ್ನಿಸಿದರೆ ಅದನ್ನೇ ಇನ್ನೆರಡು ತುಂಡು ಮಾಡುತ್ತಾರೆ. ಭಯ ಹೋಗಲಿ, ಆಮೇಲೆ ಮುಟ್ಟೋಣ ಎಂದು ಯಾರೂ ಕಾಯುವುದಿಲ್ಲ. ಭಯ ಇರುವಾಗಲೇ ಮಾಡಲಾಗುವಷ್ಟು ಕೆಲಸವನ್ನು ಸಣ್ಣದು ಮಾಡುತ್ತಾರೆ.

1977ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪರೀಕ್ಷೆಗೆ 29 ಕೆಲಸಗಳ ಒಂದು ಏಣಿ ಇತ್ತು. ಗಾಜಿನ ಪೆಟ್ಟಿಗೆಯ ಹತ್ತಿರ ಹೋಗುವುದು ಅದರ ಕೆಳಗಿನ ಮೆಟ್ಟಿಲುಗಳಲ್ಲೊಂದು. ಮೇಲಕ್ಕೆ ಹೋದಂತೆ ಹಾವನ್ನು ಇಣುಕಿ ನೋಡುವುದು, ಮುಟ್ಟುವುದು, ಎತ್ತುವುದು, ಕೋಣೆಯೊಳಗೆ ಬಿಟ್ಟು ಮತ್ತೆ ಹಿಡಿಯುವುದು. ಕಟ್ಟಕಡೆಯದು, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ಕೂತು ಹಾವು ತೊಡೆಯ ಮೇಲೆ ಹರಿದಾಡಲು ಬಿಡುವುದು. ಒಂದೊಂದು ಕೆಲಸದ ಮುಂದೆಯೂ, ಇದು ನನ್ನಿಂದ ಆಗುತ್ತದೆಯೇ, ಆಗುತ್ತದೆ ಎಂಬ ನಂಬಿಕೆ ನೂರಕ್ಕೆ ಎಷ್ಟು ಎಂದು ಜನ ಗುಟ್ಟಾಗಿ ಬರೆದುಕೊಡಬೇಕಿತ್ತು. ಬಂಡೂರ ಸ್ವಸಾಮರ್ಥ್ಯದ ನಂಬಿಕೆ ಎಂದು ಕರೆದದ್ದು ಇದನ್ನೇ. ನಾನು ಎಂಥ ಮನುಷ್ಯ ಎಂಬ ಒಟ್ಟಾರೆ ಅಭಿಮಾನಕ್ಕೂ ಇದಕ್ಕೂ ಸಂಬಂಧ ಕಡಿಮೆ. ಈ ಕೆಲಸ, ಈ ಪರಿಸ್ಥಿತಿಯಲ್ಲಿ, ನನ್ನ ಕೈಲಾಗುತ್ತದೆಯೇ ಎಂಬ ನಿರ್ದಿಷ್ಟ ಅಂದಾಜು ಇದು.

ಒಂದು ಗುಂಪಿಗೆ ಹಾವು ಹಿಡಿಯುವುದನ್ನು ತಾವೇ ಮಾಡಿ ಕಲಿಯುವ ಚಿಕಿತ್ಸೆ. ಇನ್ನೊಂದು ಗುಂಪು ಅಷ್ಟೇ ಹೊತ್ತು ಕೂತು ಚಿಕಿತ್ಸಕರು ಮಾಡುವುದನ್ನು ನೋಡಿತು. ಮೂರನೆಯದಕ್ಕೆ ಏನೂ ಇಲ್ಲ. ತಾವೇ ಮಾಡಿದವರ ನಂಬಿಕೆ ಎಲ್ಲರಿಗಿಂತ ಮೇಲೇರಿತು, ನೋಡಿದವರದು ಅದಕ್ಕಿಂತ ಕಡಿಮೆ, ಉಳಿದವರದು ಇದ್ದಲ್ಲೇ ಇತ್ತು. ಇದರಲ್ಲಿ ಅಚ್ಚರಿಯಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಇದರೊಳಗಿನ ಇನ್ನೊಂದು ಸಂಗತಿ. ಮೊದಲ ಗುಂಪಿನವರೆಲ್ಲ ಚಿಕಿತ್ಸೆಯ ಹೊತ್ತಿನಲ್ಲಿ ಕೊನೆಯ ಹೆಜ್ಜೆಯವರೆಗೂ ಹೋಗಿದ್ದವರೇ. ಅಂದರೆ ಗೆಲುವು ಎಲ್ಲರಿಗೂ ಒಂದೇ. ಆದರೆ ಅವರು ಬರೆದುಕೊಟ್ಟ ಅಂಕಿಗಳು ಒಂದೇ ಆಗಿರಲಿಲ್ಲ. ಆಮೇಲೆ ಚಿಕಿತ್ಸಕರ ಸಹಾಯವಿಲ್ಲದೆ ಪರೀಕ್ಷೆ ಮಾಡಿದಾಗ, ಅದರಲ್ಲೂ ಬೇರೊಂದು ಜಾತಿಯ, ಬೇರೆ ಬಣ್ಣದ ಹಾವನ್ನು ಎದುರಿಗಿಟ್ಟಾಗ, ಯಾರು ಎಲ್ಲಿಯವರೆಗೆ ಹೋಗುತ್ತಾರೆ ಎಂಬುದನ್ನು ಅವರು ಹಿಂದೆ ಮಾಡಿ ಮುಗಿಸಿದ್ದಕ್ಕಿಂತ ಅವರು ಬರೆದ ಅಂಕಿಯೇ ಚೆನ್ನಾಗಿ ಹೇಳಿತು.

ಇದನ್ನು ಓದಿದ ರಾತ್ರಿ ನನ್ನ ಕಿಕ್ ಬೋರ್ಡು ನೆನಪಾಯಿತು. ನಾನೂ ನೂರಾರು ಸಲ ಕೊಳ ದಾಟಿದವಳೇ. ಆದರೆ ಮನಸ್ಸು ಆ ದಾಟುವಿಕೆಯನ್ನೆಲ್ಲ ಬೋರ್ಡಿನ ಖಾತೆಗೆ ಜಮಾ ಮಾಡಿತ್ತು. ನನ್ನ ಖಾತೆ ಖಾಲಿ. ಗೆಲುವಿನ ಎಣಿಕೆ ಹೆಚ್ಚಿದಷ್ಟೂ ಬೋರ್ಡಿನ ಮೇಲಿನ ನಂಬಿಕೆಯೇ ಗಟ್ಟಿಯಾಗಿತ್ತು. ನಾನು ಮಾಡಿದೆ ಎಂದು ಮನಸ್ಸು ಒಪ್ಪದ ಯಶಸ್ಸಿನಿಂದ ನನ್ನ ಬಗೆಗಿನ ಅಂದಾಜು ಬದಲಾಗುವುದಿಲ್ಲ. ಬಂಡೂರ ಇದನ್ನು ಸರಿಯಾಗಿಯೇ ಗುರುತಿಸಿದ್ದರು. ಅದಕ್ಕೇ ಕೈಗವಸು, ಜೊತೆಗಾರರ ಕೈ ಮುಂತಾದವನ್ನು ಬೇಗ ಬೇಗ ಒಂದೊಂದಾಗಿ ತೆಗೆಯಬೇಕು, ಕೊನೆಗೆ ಯಾರ ನೆರವೂ ಇಲ್ಲದೆ ಅವರೇ ತಮ್ಮಷ್ಟಕ್ಕೆ ಮಾಡುವ ಹೊತ್ತೊಂದು ಇರಬೇಕು ಎಂದರು. 1975ರಲ್ಲೇ ಅವರ ತಂಡ ಇದನ್ನು ಪರೀಕ್ಷಿಸಿತ್ತು. ಚಿಕಿತ್ಸೆ ಮುಗಿದ ಮೇಲೆ ಹಾವಿನ ಜೊತೆ ತಾವೇ ಅಭ್ಯಾಸ ಮಾಡಲು ಅವಕಾಶ ಸಿಕ್ಕವರಲ್ಲಿ ಬದಲಾವಣೆ ಹೆಚ್ಚು ದೂರ ಹರಡಿತು.

ಅದೇ ಹೊತ್ತಿಗೆ ನಮ್ಮ ತರಗತಿಗೆ ಹೊಸ ಕೋಚ್ ಬಂದರು. ನನಗಿಂತ ಹದಿನೈದು ವರ್ಷವಾದರೂ ಚಿಕ್ಕ ಹುಡುಗಿ. ಹಿಂದಿನವರು "ನಿಮ್ಮಿಂದ ಆಗುತ್ತೆ, ಧೈರ್ಯ ಮಾಡಿ" ಎಂದು ದಿನವೂ ಹುರಿದುಂಬಿಸುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು, ಆದರೆ ಆ ಮಾತು ನನ್ನೊಳಗೆ ಅರ್ಧ ಗಂಟೆಯೂ ನಿಲ್ಲುತ್ತಿರಲಿಲ್ಲ. ಹೊಸಬರು ಹಾಗೇನೂ ಹೇಳಲಿಲ್ಲ. ಮೊದಲ ದಿನವೇ ಕೇಳಿದ್ದು ಒಂದು ಪ್ರಶ್ನೆ.

"ಅಕ್ಕಾ, ನೀರಲ್ಲಿ ಮಲಗಿದಾಗ ನಿಮಗೆ ಹೆದರಿಕೆ ಯಾವುದರದ್ದು? ಮುಳುಗೋದರದ್ದಾ, ಎದ್ದು ನಿಲ್ಲೋಕೆ ಬರಲ್ಲ ಅನ್ನೋದರದ್ದಾ?"

ಮೂರು ತಿಂಗಳಲ್ಲಿ ನಾನೇ ಕೇಳಿಕೊಳ್ಳದ ಪ್ರಶ್ನೆ ಅದು. ಯೋಚಿಸಿ ನೋಡಿದರೆ ಎರಡನೆಯದೇ ನಿಜ. ಬೋರಲಾಗಿ ತೇಲುತ್ತಿರುವಾಗ ಕಾಲು ನೆಲಕ್ಕೆ ತರುವುದು ಹೇಗೆಂದು ನನಗೆ ಗೊತ್ತೇ ಇರಲಿಲ್ಲ. ಎದೆಮಟ್ಟದ ನೀರಿನಲ್ಲಿ ಎದ್ದು ನಿಲ್ಲಲಾಗದವಳಿಗೆ ಆ ನೀರು ಎಷ್ಟು ಆಳವಾದರೂ ಒಂದೇ. ಅವರು ಅಲ್ಲಿಂದಲೇ ಶುರುಮಾಡಿದರು. ಮೊಣಕಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳಿ, ಚಾಚಿದ ಕೈಗಳಿಂದ ನೀರನ್ನು ಕೆಳಕ್ಕೆ ಒತ್ತಿ, ಪಾದ ನೆಲಕ್ಕೆ ತಾಗಿದ ಮೇಲೆ ಮಾತ್ರ ತಲೆ ಎತ್ತಿ. ತಲೆ ಮೊದಲು ಎತ್ತಿದರೆ ಮೈ ವಾಲಿ, ಕಾಲಿಗೆ ನೆಲ ಸಿಗುವುದು ತಡವಾಗುತ್ತದೆ. ಗೋಡೆ ಹಿಡಿದು ಇಪ್ಪತ್ತು ಸಲ, ಅವರ ಕೈ ಹಿಡಿದು ಹತ್ತು ಸಲ, ಆಮೇಲೆ ಅವರ ಒಂದು ಬೆರಳು ಹಿಡಿದು. ಅಂದು ಅಷ್ಟೇ.

ಮನೆಗೆ ಬಂದು ನಾನು ಒಂದು ಹಾಳೆಯಲ್ಲಿ ನನ್ನದೇ ಏಣಿ ಬರೆದೆ. ಎಂಟು ಮೆಟ್ಟಿಲು. ಪ್ರತಿಯೊಂದರ ಮುಂದೆ, ನಾಳೆ ಬೆಳಿಗ್ಗೆ ಇದನ್ನು ಯಾರ ನೆರವೂ ಇಲ್ಲದೆ ಮಾಡಲು ಹೇಳಿದರೆ ಆಗುತ್ತದೆ ಎಂಬ ನಂಬಿಕೆ ನೂರಕ್ಕೆ ಎಷ್ಟು ಎಂದು ಹತ್ತು ಹತ್ತರ ಅಂತರದಲ್ಲಿ ಅಂಕಿ. ನೀರಿನಲ್ಲಿ ಮುಖವಿಟ್ಟು ಐದು ಸೆಕೆಂಡು ಗುಳ್ಳೆ ಬಿಡುವುದಕ್ಕೆ 70. ಬೋರ್ಡು ಹಿಡಿದು ಅಡ್ಡಗಲ ದಾಟುವುದಕ್ಕೆ 90. ಬೋರಲು ತೇಲಿ ಎದ್ದು ನಿಲ್ಲುವುದಕ್ಕೆ 40. ಬೋರ್ಡಿಲ್ಲದೆ ಗೋಡೆಯಿಂದ ಎರಡು ಮೀಟರ್ ಜಾರುವುದಕ್ಕೆ 10. ಕಾಲು ನಿಲುಕದ ಆಳದಲ್ಲಿ ಏನಾದರೂ ಮಾಡುವುದಕ್ಕೆ ಸೊನ್ನೆ. ಈ ಹಾಳೆ ನನಗೆ ಮುಂದೆ ತುಂಬಾ ಕೆಲಸಕ್ಕೆ ಬಂತು. 90 ಮತ್ತು 10ರ ನಡುವಿನ ಕಂದಕವೇ ಎಲ್ಲ ಹೇಳುತ್ತಿತ್ತು. ಒಂದು ಕೆಲಸ ಸಲೀಸಾಗಿ ಬರುತ್ತಿದೆ, ಅದೇ ಕೆಲಸದ ನೆರವಿಲ್ಲದ ರೂಪಕ್ಕೆ ಕೊಡುವ ಅಂಕಿ ಮಾತ್ರ ವಾರಗಟ್ಟಲೆ ಅಲ್ಲಾಡುತ್ತಿಲ್ಲ ಎಂದರೆ, ಶ್ರೇಯಸ್ಸು ಬೇರೆ ಯಾವುದಕ್ಕೋ ಹೋಗುತ್ತಿದೆ. ಆಗ ಅದೇ ಅಭ್ಯಾಸವನ್ನು ಇನ್ನಷ್ಟು ಸಲ ಮಾಡಿ ಪ್ರಯೋಜನವಿಲ್ಲ. ನೆರವನ್ನು ಕಡಿಮೆ ಮಾಡಬೇಕು, ಇಲ್ಲವೇ ಹೆಜ್ಜೆಯನ್ನು ಇನ್ನೂ ಚಿಕ್ಕದು ಮಾಡಬೇಕು.

ಎರಡನೆಯ ವಾರ ಕೋಚ್ ಮಾಡಿಸಿದ ಒಂದು ಅಭ್ಯಾಸವನ್ನು ಮರೆಯಲಾರೆ. ಎದೆ ತುಂಬಾ ಉಸಿರೆಳೆದು, ಮೊಣಕಾಲನ್ನು ತಬ್ಬಿ, ಮುಖ ನೀರಿಗಿಟ್ಟು ಉಂಡೆಯಾಗಿ ಬಿಡಬೇಕು. "ತಳಕ್ಕೆ ಹೋಗಿ ಕೂತ್ಕೊಳ್ಳೋಕೆ ಪ್ರಯತ್ನ ಮಾಡಿ ಅಕ್ಕಾ" ಎಂದರು. ನಾನು ಪ್ರಯತ್ನಿಸಿದೆ. ಕೊಂಚ ಇಳಿದ ಮೈ ನಿಧಾನಕ್ಕೆ ಮೇಲೆ ಬಂತು, ಬೆನ್ನಿಗೆ ಗಾಳಿ ತಾಗಿತು. ಮತ್ತೆ ಮಾಡಿದೆ, ಮತ್ತೆ ಮೇಲೆ ಬಂತು. ನೀರು ನನ್ನನ್ನು ಎತ್ತುತ್ತದೆ ಎಂದು ಹತ್ತು ಜನ ಹೇಳಿದ್ದನ್ನು ಕೇಳಿದ್ದೆ, ಇನ್ನೊಬ್ಬರು ತೇಲುವುದನ್ನು ದಿನಾ ನೋಡಿದ್ದೆ. ಆದರೆ ಅವರೆಲ್ಲ ಹುಟ್ಟು ಈಜುಗಾರರು, ನನ್ನ ಮೈಯೇ ಬೇರೆ ಎಂದು ಒಳಗೊಂದು ವಾದ ಇದ್ದೇ ಇತ್ತು. ತುಂಬಿದ ಶ್ವಾಸಕೋಶದ ನನ್ನದೇ ಮೈ ಮುಳುಗಲು ಒಪ್ಪದಿದ್ದಾಗ ಆ ವಾದಕ್ಕೆ ಜಾಗ ಉಳಿಯಲಿಲ್ಲ. ಕೈಯಲ್ಲಿ ಬೋರ್ಡಿಲ್ಲ, ಬೆನ್ನ ಕೆಳಗೆ ಯಾರ ಅಂಗೈಯೂ ಇಲ್ಲ. ಅಂದು ಮನೆಗೆ ಬಂದು ಬರೆದಾಗ ಎರಡು ಮೀಟರ್ ಜಾರುವ ಮೆಟ್ಟಿಲಿನ ಅಂಕಿ 10ರಿಂದ 50ಕ್ಕೆ ಹಾರಿತ್ತು. ಜಾರುವುದನ್ನು ಇನ್ನೂ ಒಂದು ಸಲವೂ ಮಾಡಿರಲಿಲ್ಲ.

ಮರುದಿನ ಗೋಡೆಯನ್ನು ಕಾಲಿನಿಂದ ಒದ್ದು, ಕೈ ಚಾಚಿ, ಮುಖ ನೀರಿಗಿಟ್ಟು ಜಾರಿದೆ. ಎದ್ದು ನಿಂತಾಗ ಕೋಚ್ ಎರಡು ಮೀಟರ್ ಆಚೆ ಸುಮ್ಮನೆ ಕೈ ಕಟ್ಟಿ ನಿಂತಿದ್ದರು. ಹಿಡಿಯಲು ಕೈ ಚಾಚಿರಲಿಲ್ಲ. ಹಾಗೆ ಕೈ ಕಟ್ಟಿ ನಿಲ್ಲುವುದು ಎಷ್ಟು ಲೆಕ್ಕಾಚಾರದ ಕೆಲಸ ಎಂದು ಈಗ ಅರ್ಥವಾಗುತ್ತದೆ. ಅವರು ಹಿಡಿದಿದ್ದರೆ ಆ ಎರಡು ಮೀಟರೂ ಅವರ ಖಾತೆಗೇ ಹೋಗುತ್ತಿತ್ತು.

ಎದೆಬಡಿತದ ಬಗ್ಗೆಯೂ ಒಂದು ಮಾತು. ಮೊದಮೊದಲು ನೀರಿಗಿಳಿದ ಕೂಡಲೇ ಎದೆ ಡವಗುಟ್ಟಿದರೆ ಅದನ್ನು ನಾನು ಸಾಕ್ಷಿಯಾಗಿ ಓದುತ್ತಿದ್ದೆ: ನೋಡು, ನಿನ್ನ ಕೈಲಾಗುವುದಿಲ್ಲ. ಮನುಷ್ಯ ತನ್ನ ಸಾಮರ್ಥ್ಯವನ್ನು ಅಂದಾಜು ಮಾಡಲು ಬಳಸುವ ನಾಲ್ಕು ಮೂಲಗಳಲ್ಲಿ ಮೈಯ ಈ ಸೂಚನೆಗಳೂ ಒಂದು ಎಂದು ಬಂಡೂರ ಬರೆದಿದ್ದಾರೆ. ಉಳಿದವು ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡುವುದನ್ನು ಕಂಡದ್ದು, ಇತರರು ಹೇಳಿ ಒಪ್ಪಿಸಿದ್ದು. ಮೂರನೆಯ ವಾರವೂ ನನ್ನ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಆದರೆ ಡವಗುಟ್ಟುವ ಎದೆಯ ಜೊತೆಯಲ್ಲೇ ಹತ್ತಿಪ್ಪತ್ತು ಸಲ ಜಾರಿದ್ದರಿಂದ ಅದು ಸಾಕ್ಷಿಯಾಗಿ ಉಳಿಯಲಿಲ್ಲ. ತಣ್ಣೀರಿಗೆ ಇಳಿದರೆ ಹೀಗಾಗುತ್ತದೆ ಅನ್ನುವಷ್ಟಕ್ಕೆ ಇಳಿಯಿತು.

ಹೆಜ್ಜೆ ಎಷ್ಟು ಚಿಕ್ಕದಿರಬೇಕು ಎಂಬುದಕ್ಕೆ ನನಗೆ ಇಷ್ಟವಾದ ಉದಾಹರಣೆ ಮಕ್ಕಳದ್ದು. ಕಳೆಯುವ ಲೆಕ್ಕದಲ್ಲಿ ತುಂಬಾ ಹಿಂದುಳಿದಿದ್ದ, ಗಣಿತದಲ್ಲಿ ಆಸಕ್ತಿಯೂ ಇಲ್ಲದಿದ್ದ ಮಕ್ಕಳ ಮೇಲೆ ಬಂಡೂರ ಮತ್ತು ಡೇಲ್ ಶಂಕ್ ನಡೆಸಿದ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒಂದೇ ಪಾಠ, ಒಟ್ಟು 42 ಪುಟ, ಏಳು ಅವಧಿ. ಮಕ್ಕಳು ತಾವೇ ಓದಿಕೊಂಡು ಮಾಡುವ ಪಾಠ. ವ್ಯತ್ಯಾಸ ಇದ್ದದ್ದು ಒಂದೇ ಮಾತಿನಲ್ಲಿ. ಒಂದು ಗುಂಪಿಗೆ, ಪ್ರತಿ ಅವಧಿಯಲ್ಲಿ ಆರು ಪುಟ ಮುಗಿಸುವ ಗುರಿ ಇಟ್ಟುಕೊಳ್ಳಬಹುದು ಎಂದರು. ಇನ್ನೊಂದಕ್ಕೆ, ಏಳನೆಯ ಅವಧಿಯ ಕೊನೆಗೆ 42 ಪುಟ ಮುಗಿಸುವ ಗುರಿ ಎಂದರು. ಉಳಿದವರಿಗೆ ಗುರಿಯನ್ನೇ ಹೇಳಲಿಲ್ಲ. ಆರರ ಏಳುಪಟ್ಟು ನಲವತ್ತೆರಡೇ, ದುಡಿಮೆ ಒಂದೇ. ಆದರೆ ಆರು ಪುಟದ ಗುರಿಯವರು ಹೆಚ್ಚು ಬೇಗ ಮುಂದೆ ಹೋದರು, ಲೆಕ್ಕ ಚೆನ್ನಾಗಿ ಕಲಿತರು, ಕಳೆಯುವ ಲೆಕ್ಕ ತಮ್ಮಿಂದ ಆಗುತ್ತದೆ ಎಂಬ ನಂಬಿಕೆಯೂ ಅವರದ್ದೇ ಹೆಚ್ಚು. ಕೊನೆಗೆ, ಲೆಕ್ಕವನ್ನೂ ಬೇರೊಂದು ಕೆಲಸವನ್ನೂ ಎದುರಿಗಿಟ್ಟು ಬೇಕಾದ್ದನ್ನು ಮಾಡಿ ಎಂದು ಬಿಟ್ಟಾಗ, ಲೆಕ್ಕವನ್ನು ತಾವಾಗಿಯೇ ಆರಿಸಿಕೊಂಡವರೂ ಅವರೇ ಹೆಚ್ಚು. ದೂರದ ಗುರಿಯವರು ಗುರಿಯೇ ಇಲ್ಲದವರಿಗಿಂತ ಹೆಚ್ಚೇನೂ ಗಳಿಸಲಿಲ್ಲ. ಆರನೆಯ ಪುಟ ಮುಗಿದಾಗ ಒಂದು ಮಗುವಿಗೆ, ಇವತ್ತಿನದನ್ನು ಮುಗಿಸಿದೆ ಎನ್ನಲು ಏನೋ ಇದೆ. ಅದೇ ಆರನೆಯ ಪುಟದಲ್ಲಿ ಇನ್ನೊಂದು ಮಗುವಿಗೆ ಕಾಣುವುದು ಉಳಿದ 36 ಪುಟ.

ಆದರೂ ನನ್ನ ಹಾಳೆಯ ಅಂಕಿಗಳು ಮೇಲಕ್ಕಷ್ಟೇ ಹೋಗಲಿಲ್ಲ. ಐದನೆಯ ವಾರ, ಕೈ ಬೀಸಿ ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೊಳ್ಳುವುದನ್ನು ಕಲಿಯುವಾಗ, ತಪ್ಪು ಹೊತ್ತಿನಲ್ಲಿ ಬಾಯಿ ತೆರೆದು ನೀರು ನುಂಗಿದೆ. ಕೆಮ್ಮು, ಕಣ್ಣಲ್ಲಿ ನೀರು, ಗೋಡೆ ಹಿಡಿದು ಐದು ನಿಮಿಷ. ಆ ಮೆಟ್ಟಿಲಿನ ಅಂಕಿ 60ರಿಂದ 20ಕ್ಕೆ ಬಿತ್ತು. ಅದಕ್ಕಿಂತ ನೋವಾದದ್ದು, ಅದರ ಕೆಳಗಿನ ಮೆಟ್ಟಿಲೂ ಅಲುಗಾಡಿದ್ದು. ನಂಬಿಕೆ ಇನ್ನೂ ಬೇರೂರದಿದ್ದಾಗ ಬಂದ ಸೋಲು ಬಲವಾಗಿ ಹೊಡೆಯುತ್ತದೆ, ಬೇರೂರಿದ ಮೇಲೆ ಅಂಥದ್ದೇ ಸೋಲು ಅಷ್ಟು ತಾಗುವುದಿಲ್ಲ ಎಂಬುದನ್ನು ಓದಿದ್ದೆ, ಅಂದು ಅನುಭವಿಸಿದೆ. ಮನೆಗೆ ಹೋಗುತ್ತೇನೆ ಎಂದೆ.

"ಹೋಗಿ ಅಕ್ಕಾ, ಆದರೆ ಎರಡು ಸಲ ಜಾರಿ ತೋರಿಸಿ ಹೋಗಿ" ಎಂದರು.

ಎರಡು ಸಲ ಜಾರಿದೆ. ಉಸಿರಿನ ಪಾಠಕ್ಕೆ ಆ ದಿನ ಮರಳಲಿಲ್ಲ. ಮರುದಿನ ಅವರು ಅದನ್ನು ತುಂಡು ಮಾಡಿದರು: ಗೋಡೆ ಹಿಡಿದು ನಿಂತಲ್ಲೇ ಮುಖ ತಿರುಗಿಸುವುದು, ನೀರೊಳಗೆ ಪೂರ್ತಿ ಉಸಿರು ಬಿಟ್ಟ ಮೇಲಷ್ಟೇ ತಿರುಗುವುದು. ತಪ್ಪು ಸಿಕ್ಕಿತು. ನಾನು ಉಸಿರು ಹಿಡಿದಿಟ್ಟುಕೊಂಡು, ತಿರುಗಿದ ಮೇಲೆ ಬಿಟ್ಟು ಎಳೆದುಕೊಳ್ಳಲು ಹೋಗುತ್ತಿದ್ದೆ. ಎರಡಕ್ಕೂ ಹೊತ್ತು ಸಾಲುತ್ತಿರಲಿಲ್ಲ. ಕಾರಣ ಗೊತ್ತಾದ ಸೋಲು ನನ್ನ ಸಾಮರ್ಥ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ, ಉಸಿರಿನ ಸಮಯದ ಬಗ್ಗೆ ಮಾತ್ರ ಹೇಳುತ್ತದೆ. ಅಂಕಿ ಒಂದು ವಾರದಲ್ಲಿ 70 ಆಯಿತು.

ನಂಬಿಕೆಗೆ ಇಷ್ಟು ಬಲ ಇದೆ ಎಂದ ಮೇಲೆ ಅದರ ಮಿತಿಗಳನ್ನೂ ಹೇಳಬೇಕು. ಕ್ರೀಡಾ ಮನಶ್ಶಾಸ್ತ್ರಜ್ಞೆ ಡೆಬೊರಾ ಫೆಲ್ಟ್ಜ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ಹೆಣ್ಣುಮಕ್ಕಳಿಗೆ ಹಿಂದಕ್ಕೆ ಬಾಗಿ ನೀರಿಗೆ ಧುಮುಕುವ ಡೈವ್ ಮಾಡಿಸಿ ನೋಡಿದರು. ಮೊದಲ ಪ್ರಯತ್ನದಲ್ಲಿ ಯಾರು ಧುಮುಕುತ್ತಾರೆ, ಯಾರು ಹಿಂಜರಿಯುತ್ತಾರೆ ಎಂಬುದನ್ನು ನಂಬಿಕೆಯೇ ಚೆನ್ನಾಗಿ ಹೇಳಿತು. ಮುಂದಿನ ಪ್ರಯತ್ನಗಳಲ್ಲಿ ಹಿಂದಿನ ಸಲ ಏನು ಮಾಡಿದ್ದರು ಎಂಬುದೇ ಹೆಚ್ಚು ಹೇಳತೊಡಗಿತು. ನನ್ನ ಅನುಭವಕ್ಕೂ ಇದು ಹೊಂದುತ್ತದೆ. ನಂಬಿಕೆಯ ಮುಖ್ಯ ಕೆಲಸ ಹೊಸ್ತಿಲ ಬಳಿ, ಮಾಡಲೋ ಬೇಡವೋ ಎಂಬ ಗಳಿಗೆಯಲ್ಲಿ. ದಾಟಿದ ಮೇಲೆ ಕೈಕಾಲಿನ ಅಭ್ಯಾಸ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ನಂಬಿಕೆ ಅತಿಯಾದರೂ ತೊಂದರೆಯೇ. ಮನಶ್ಶಾಸ್ತ್ರಜ್ಞ ಜೆಫ್ರಿ ವ್ಯಾಂಕೂವರ್ ಮತ್ತು ಸಂಗಡಿಗರು ಒಂದು ಊಹೆಯ ಆಟದಲ್ಲಿ ತೋರಿಸಿದಂತೆ, ತನ್ನಿಂದ ಆಗುತ್ತದೆ ಎಂಬ ನಂಬಿಕೆ ಏರಿದಾಗ ಕೆಲವೊಮ್ಮೆ ಎಚ್ಚರ ಕಡಿಮೆಯಾಗಿ ಮುಂದಿನ ಆಟ ಕೆಡುತ್ತದೆ. ನೀರಿನಲ್ಲಿ ಇದು ಆಟದ ಮಾತಲ್ಲ. ಅಂಕಿ ನಿಜವಾದ ಸಾಮರ್ಥ್ಯಕ್ಕಿಂತ ತುಸು ಮುಂದಿದ್ದರೆ ಪ್ರಯತ್ನ ಹುಟ್ಟುತ್ತದೆ, ತುಂಬಾ ಮುಂದಿದ್ದರೆ ಅಪಾಯ. ಅದಕ್ಕೇ ನನ್ನ ಹಾಳೆಯಲ್ಲಿ ಯಾವ ಮೆಟ್ಟಿಲಿಗಾದರೂ ಅಭ್ಯಾಸವಿಲ್ಲದೆಯೇ 80 ಬಂದರೆ ಕೋಚ್ ಮುಂದೆ ಅದನ್ನು ಮಾಡಿ ನೋಡದೆ ಒಪ್ಪುತ್ತಿರಲಿಲ್ಲ.

ಒಂದು ಕಡೆ ಬೆಳೆದ ನಂಬಿಕೆ ಇನ್ನೊಂದು ಕಡೆಗೆ ಎಷ್ಟು ಹರಿಯುತ್ತದೆ ಎಂಬುದೂ ನಾನು ಅಂದುಕೊಂಡಂತಿರಲಿಲ್ಲ. ಹಾವಿನ ಭಯ ಕಳೆದುಕೊಂಡ ಕೆಲವರು ತಮ್ಮ ಬೇರೆ ಅಂಜಿಕೆಗಳೂ ಸಡಿಲವಾದವು ಎಂದು ಹೇಳಿದ್ದರು. ನನ್ನಲ್ಲಿ ನೆರೆಯ ಮೆಟ್ಟಿಲುಗಳು ತಾವಾಗಿಯೇ ಏರಿದವು. ಆಳದ ಕಡೆಗೆ ಒಮ್ಮೆಯೂ ಹೋಗದಿದ್ದರೂ ಅದರ ಸೊನ್ನೆ 40 ಆಯಿತು. ಆದರೆ ನಾಲ್ಕು ಜನರೆದುರು ಎದ್ದು ಮಾತನಾಡುವ ನನ್ನ ಹಳೆಯ ಹೆದರಿಕೆ ಇದ್ದಲ್ಲೇ ಇದೆ. ನೀರಿನ ಗೆಲುವು ಅಲ್ಲಿಗೆ ತಲುಪಿಲ್ಲ. ತಲುಪಿದ್ದು ಹಾಳೆ ಮಾತ್ರ. ಅದಕ್ಕೂ ಒಂದು ಏಣಿ ಬರೆದಿಟ್ಟಿದ್ದೇನೆ. ಅದರ ಮೊದಲ ಮೆಟ್ಟಿಲು, ಸಭೆಯಲ್ಲಿ ಕೂತಲ್ಲಿಂದಲೇ ಒಂದು ಪ್ರಶ್ನೆ ಕೇಳುವುದು.

ಹೋದ ತಿಂಗಳು ಆಳದ ಕಡೆಗೆ ಹೋದೆವು. ಅಂಚು ಹಿಡಿದು ಇಳಿಯುವುದು, ಅಂಚು ಬಿಟ್ಟು ಐದು ಎಣಿಸುವವರೆಗೆ ತೇಲುವುದು, ಮತ್ತೆ ಹಿಡಿಯುವುದು. ಕೋಚ್ ಮೊದಲ ದಿನ ಪಕ್ಕದಲ್ಲೇ ನೀರಿನಲ್ಲಿದ್ದರು. ಎರಡನೆಯ ದಿನ ಒಂದು ತೋಳಿನಷ್ಟು ದೂರ. ಮೂರನೆಯ ದಿನ ಅಂಚಿನ ಮೇಲೆ ಕೂತು ಕಾಲನ್ನು ನೀರಿಗಿಳಿಬಿಟ್ಟಿದ್ದರು. ಈಜುವ ಮುಂಚೆ ಎಂದಿನಂತೆ ಕೇಳಿದರು.

"ಎಷ್ಟು ಅಕ್ಕಾ ಇವತ್ತು?"

"ಅರವತ್ತು."

"ನಾನು ಇಲ್ಲೇ ಕೂತಿದ್ದರೆ ಅರವತ್ತಾ, ಎದ್ದು ಆ ಕಡೆ ಹೋದರೂ ಅರವತ್ತಾ?"

ಸ್ವಲ್ಪ ಹೊತ್ತು ಯೋಚಿಸಿದೆ. "ಹೋದರೆ ಐವತ್ತು."

ಅವರು ಎದ್ದು ಕಿಕ್ ಬೋರ್ಡುಗಳನ್ನು ಜೋಡಿಸಿಟ್ಟ ಕಡೆಗೆ ನಡೆದು, ಅಲ್ಲಿಂದ ನನ್ನ ಕಡೆ ತಿರುಗಿ ನಿಂತರು. ನಾನು ಅಂಚು ಬಿಟ್ಟೆ.